ಡಿಸ್‌ಪ್ಲೇ 19.5 ಅಂತು, ಬಂಕ್ ಬಿಲ್ 17.4 ಅಂತು

ನಮ್ಮ ಭಾವನ ಜೊತೆ ವರ್ಷದಿಂದ ಗಾಡಿ ಮೈಲೇಜ್ ಬಗ್ಗೆ ಇದೇ ಜಗಳ. "ಕಂಪನಿಯವರು ಸುಮ್ನೆ ಹಾಕಿರ್ತಾರಾ ಡಿಸ್‌ಪ್ಲೇನ? ನಿನ್ನ ಬಿಲ್ ಲೆಕ್ಕ ಬಿಟ್ಟಾಕು" ಅಂತಿದ್ದರು. ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನಲ್ಲಿ ಡಿಸ್‌ಪ್ಲೇ ತೋರಿಸೋದು ಯಾವಾಗಲೂ ಲೀಟರ್‌ಗೆ 19.5 ಕಿ.ಮೀ. ಆಸುಪಾಸು.

ಶುರುವಿನಲ್ಲಿ ನಗೆಪಾಟಲಾದದ್ದು ನಾನೇ. ಮೊದಲ ಫುಲ್ ಟ್ಯಾಂಕ್‌ಗೆ 420 ಕಿ.ಮೀ., 20 ಲೀಟರ್. ಅಂದರೆ 21! ಭಾವ ಮೀಸೆ ತಿರುವಿದರು. ಮುಂದಿನ ಸಲ 400 ಕಿ.ಮೀ.ಗೆ 27 ಲೀಟರ್ ಹಿಡಿಯಿತು, 14.8. ಗಾಡಿ ಕೆಟ್ಟಿದೆ ಅಂತ ಮೆಕ್ಯಾನಿಕ್ ಹತ್ತಿರ ಹೋಗಿ ಏರ್ ಫಿಲ್ಟರ್, ಪ್ಲಗ್ ಅಂತ ಹತ್ತಿರ ಹತ್ತಿರ 1,800 ರೂಪಾಯಿ ಕಳೆದೆ. ದಂಡ.

ಆಮೇಲೆ ಹೊಳೆಯಿತು. ಮೊದಲ ಸಲ ಹಾಕಿಸಿದ್ದು ಹೈವೇ ಬಂಕ್‌ನಲ್ಲಿ. ನೆಲ ಇಳಿಜಾರು, ಹುಡುಗ ನಾಝಲ್ ಪೂರ್ತಿ ಒತ್ತಿದ್ದ. ನೊರೆ ಎದ್ದು ಕಟ್-ಆಫ್ ಬೇಗ ಬಿದ್ದಿದೆ, ಟ್ಯಾಂಕ್ ತುಂಬಿರಲೇ ಇಲ್ಲ. ಅಲ್ಲಿ ಉಳಿದ ನಾಲ್ಕು ಲೀಟರ್ ಜಾಗ ಎರಡನೇ ಬಿಲ್‌ಗೆ ಸೇರಿಕೊಂಡಿದೆ. ಎರಡನ್ನೂ ಕೂಡಿಸಿ ನೋಡಿ: 820 ಕಿ.ಮೀ.ಗೆ 47 ಲೀಟರ್, 17.4. ಒಂದು ಸಲ ಸಿಕ್ಕಾಪಟ್ಟೆ ಜಾಸ್ತಿ, ಮರುಸಲವೇ ಸಿಕ್ಕಾಪಟ್ಟೆ ಕಮ್ಮಿ ಬಂದರೆ ತಪ್ಪು ಇಂಜಿನ್‌ದಲ್ಲ, ನಾಝಲ್‌ದು.

ಅಲ್ಲಿಂದ ಒಂದೇ ಬಂಕ್, ಅದೇ ಪಂಪ್, ಗಾಡಿ ಅದೇ ಜಾಗದಲ್ಲಿ. ನಿಧಾನಕ್ಕೆ ಹಾಕಿ, ಮೊದಲ ಕಟ್-ಆಫ್‌ಗೇ ನಿಲ್ಲಿಸೋದು. "ಸಾರ್, ರೌಂಡ್ ಫಿಗರ್ ಮಾಡ್ಲಾ?" ಅಂದರೆ ಬೇಡ. ಕತ್ತಿನ ತನಕ ತುಂಬಿಸಿದರೆ ಪೆಟ್ರೋಲ್ ಆವಿ ಹೀರೋ ಕ್ಯಾನಿಸ್ಟರ್‌ಗೂ ಪೆಟ್ಟು. ಯಾವ ಹೊತ್ತಿಗೆ ಹೋಗ್ತೀನಿ, ಹುಡುಗನಿಗೆ ಏನು ಹೇಳ್ತೀನಿ ಅನ್ನೋದು ಮಾತ್ರ ನನ್ನಲ್ಲೇ ಇರಲಿ!

ಐದು ಟ್ಯಾಂಕ್ ಸೇರಿ ಸುಮಾರು 2,140 ಕಿ.ಮೀ., 123 ಲೀಟರ್. ಮತ್ತದೇ 17.4. ಒಂದೇ ಟ್ಯಾಂಕ್‌ನಲ್ಲಿ ಎರಡು ಲೀಟರ್ ಆಚೀಚೆ ಆದರೆ ಲೆಕ್ಕವೇ ಬುಡಮೇಲು. ಐದು ಸೇರಿಸಿದಾಗ ಮೊದಲ ಮತ್ತು ಕೊನೆಯ ತುಂಬಿಸೋದರ ತಪ್ಪು ಮಾತ್ರ ಉಳಿಯುತ್ತೆ, ಅಲ್ವಾ?

ನಡುವೆ ಓಡೋಮೀಟರ್ ಮೇಲೂ ಅನುಮಾನ ಬಂತು. ತುಮಕೂರು ದಾಟಿದ ಮೇಲೆ ಫೋನ್ ಜಿಪಿಎಸ್ ಹಾಕಿ ನೋಡಿದೆ. ಅದು 100 ತೋರಿಸಿದಾಗ ಗಾಡಿ 102. ಹಾಗಾದರೆ ನಿಜವಾದ್ದು 17ಕ್ಕೆ ಇನ್ನೂ ಹತ್ತಿರ. ಟೈರ್ ಗಾಳಿ 30ರಿಂದ 33ಕ್ಕೆ ಏರಿಸಿಯೂ ನೋಡಿದೆ, ಟ್ಯಾಂಕ್ ಲೆಕ್ಕದಲ್ಲಿ ಏನೂ ಗೊತ್ತಾಗಲಿಲ್ಲ.

ಆದರೂ ಡಿಸ್‌ಪ್ಲೇ ಬಿಸಾಕಿಲ್ಲ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದರ ಮೇಲೆ ಅದು ಪೆಟ್ರೋಲ್ ಅಂದಾಜು ಮಾಡೋದು. ನನ್ನ ಗಾಡಿಯಲ್ಲಿ ಪ್ರತಿ ಸಲವೂ ಅಷ್ಟೇ ಸುಳ್ಳು ಹೇಳುತ್ತೆ. ನೂರಕ್ಕೆ 11 ಕಳೆದರೆ ಬಿಲ್‌ಗೆ ಕೂರುತ್ತೆ. ಎಸಿ ಇದ್ದಾಗ, ಇಲ್ಲದಾಗ ಹೋಲಿಸೋಕೆ ಈಗ ಅದನ್ನೇ ನೋಡ್ತೀನಿ.

ತಿಂಗಳಿಗೆ 1,200 ಕಿ.ಮೀ. ಓಡಿಸೋ ನನಗೆ 19.5 ನಂಬಿದ್ದಕ್ಕೆ ಏಳೂವರೆ ಲೀಟರ್ ಕಮ್ಮಿ ಲೆಕ್ಕ, ಅಂದರೆ 750 ರೂಪಾಯಿ ಮೇಲೆ. ಭಾವ ಈಗ ಬಿಲ್‌ಗಳನ್ನ ಗ್ಲೋವ್ ಬಾಕ್ಸ್‌ನಲ್ಲಿ ಕೂಡಿಡ್ತಿದ್ದಾರೆ. ಕೇಳಿದರೆ ಸರ್ವಿಸ್‌ಗೆ ಬೇಕು ಅಂತಾರೆ.