ಮೂರು, ಎರಡು, ಒಂದು, ಒಂದು: F4 ಒತ್ತಿ ದರಪಟ್ಟಿ ಮಾಡಿದ ನನ್ನ ಅನುಭವ

ಶಿವಮೊಗ್ಗದ ಒಂದು ಪ್ಲೈವುಡ್ ಅಂಗಡಿಯಲ್ಲಿ ಬಿಲ್ಲು, ಕೊಟೇಶನ್ನು ಎಲ್ಲ ನನ್ನ ಕೆಲಸ. ಅಲ್ಲಿನ ದರಪಟ್ಟಿಯನ್ನು ಎಕ್ಸೆಲ್‌ನಲ್ಲಿ ಒಂದೇ ಫಾರ್ಮುಲಾದಿಂದ ತುಂಬುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ನಮ್ಮ ಹಿರಿಯ ಅಕೌಂಟೆಂಟರಂತೂ, "ಮೂವತ್ತು ಸೆಲ್‌ಗೆ ಒಂದೇ ಫಾರ್ಮುಲಾ ಎಲ್ಲಾದ್ರೂ ಕೂತ್ಕೊಳುತ್ತೇನಪ್ಪಾ? ಸುಮ್ನೆ ಒಂದೊಂದೇ ಟೈಪ್ ಮಾಡು, ತಪ್ಪೇ ಬರಲ್ಲ" ಅಂದಿದ್ದರು. ಈಗ ಅದೇ ಪಟ್ಟಿ ವರ್ಷದ ಮೇಲಾಯಿತು, ಒಂದು ರೂಪಾಯಿ ತಪ್ಪಿಲ್ಲದೆ ಓಡುತ್ತಿದೆ.

ಪಟ್ಟಿ ಹೀಗಿದೆ. A ಕಾಲಂನಲ್ಲಿ ಹಾಳೆಯ ಅಳತೆ: 8x4, 7x4, 6x4, 8x3, 7x3, 6x3. B5ರಿಂದ B10ರವರೆಗೆ ಅವುಗಳ ಚದರಡಿ: 32, 28, 24, 24, 21, 18. ಮೇಲೆ 3ನೇ ಸಾಲಿನಲ್ಲಿ ದಪ್ಪ: 6, 9, 12, 16, 19 ಎಂಎಂ. ಅದರ ಕೆಳಗೆ 4ನೇ ಸಾಲಿನಲ್ಲಿ ಚದರಡಿ ದರ. ಆಗ 6 ಎಂಎಂಗೆ 40, 9ಕ್ಕೆ 55, 19ಕ್ಕೆ 100 ರೂಪಾಯಿ ಇತ್ತು ಅಂತ ನೆನಪು. ಡಿಸ್ಕೌಂಟ್ 8% B1ರಲ್ಲಿ, ಜಿಎಸ್‌ಟಿ 18% B2ರಲ್ಲಿ. ತುಂಬಬೇಕಾದ್ದು C5ರಿಂದ G10ರವರೆಗಿನ ಮೂವತ್ತು ಸೆಲ್.

ಫಾರ್ಮುಲಾವನ್ನು ಪಕ್ಕದ ಸೆಲ್‌ಗಳಿಗೆ ಎಳೆದಾಗ ಅದರೊಳಗಿನ ಸೆಲ್ ಹೆಸರು ಕದಲದಂತೆ ಹಿಡಿಯೋದು $ ಗುರುತು, ಅಂದರೆ ಡಾಲರ್. ಮೊದಲ ಸಲ ಆ ಡಾಲರ್ ಇಲ್ಲದೆ ಬರೆದು ಎಳೆದೆ. C5ರಲ್ಲಿ ಸರಿಯಾಗಿ 1,390 ಬಂತು. ಪಕ್ಕದ D5ರಲ್ಲಿ 76,000 ಚಿಲ್ಲರೆ! ಅದು ಚದರಡಿ ಬಿಟ್ಟು, ಪಕ್ಕದಲ್ಲೇ ಇದ್ದ 1,390ನ್ನು ಹಿಡಿದು 55ರಿಂದ ಗುಣಿಸಿತ್ತು. ಎರಡು ಸಾಲು ಕೆಳಗೆ ಬಂದರೆ #VALUE!, ಯಾಕೆಂದರೆ ಜಿಎಸ್‌ಟಿ ಜಾಗಕ್ಕೆ "ಚದರಡಿ" ಅನ್ನೋ ತಲೆಬರಹ ಬಂದು ಕೂತಿತ್ತು. ಸಿಟ್ಟಿನಲ್ಲಿ ಎಲ್ಲಕ್ಕೂ ಒಂದೊಂದು ಸಲ, ಡಾಲರ್ ಹಾಕುವ F4 ಕೀ ಒತ್ತಿದೆ. ಈಗ ಮೂವತ್ತು ಸೆಲ್‌ನಲ್ಲೂ ಅದೇ 1,390.

ಇಂಥ ತಪ್ಪುಗಳಿಗೆ ನಾನು ಹೆದರಲ್ಲ. ನೋಡಿದ ತಕ್ಷಣ ಗೊತ್ತಾಗುತ್ತವೆ. ದುಡ್ಡು ಕಳೆದದ್ದು ಮೂರನೇ ಪ್ರಯತ್ನದಲ್ಲಿ.

ಆ ಸಲ ಚದರಡಿಗೆ, ದರಕ್ಕೆ ಸರಿಯಾಗಿಯೇ ಡಾಲರ್ ಹಾಕಿದ್ದೆ. ಆದರೆ ದರದ ಸೆಲ್‌ಗೆ ಎರಡು ಸಲ ಒತ್ತಿದ ಕೈ, ಡಿಸ್ಕೌಂಟ್‌ಗೂ ಜಿಎಸ್‌ಟಿಗೂ ಎರಡೆರಡು ಸಲವೇ ಒತ್ತಿತು. ಹೀಗಾಯಿತು:

```
=$B5*C$4*(1-B$1)*(1+B$2)
```

ಕೆಳಕ್ಕೆ ಎಳೆದರೆ ಎಲ್ಲ ಸರಿ. ನಾನು ಕ್ಯಾಲ್ಕುಲೇಟರ್ ಹಿಡಿದು ನೋಡಿದ್ದೂ ಮೊದಲ ಕಾಲಂ ಮಾತ್ರ. ಬಲಕ್ಕೆ ಎಳೆದಾಗ B$1 ಹೋಗಿ C$1 ಆಯಿತು, ಆಮೇಲೆ D$1. ಆ ಸೆಲ್‌ಗಳೆಲ್ಲ ಖಾಲಿ. ಖಾಲಿ ಅಂದರೆ ಸೊನ್ನೆ. ಹಾಗಾಗಿ ಡಿಸ್ಕೌಂಟೂ ಇಲ್ಲ, ಜಿಎಸ್‌ಟಿಯೂ ಇಲ್ಲ, ಎರರ್ ಕೂಡ ಇಲ್ಲ. 19 ಎಂಎಂನ 8x4 ಹಾಳೆಗೆ 3,474 ಬರಬೇಕಿತ್ತು, 3,200 ಅಂತ ಬಂತು. ನೋಡೋಕೆ ಚೆನ್ನಾಗಿಯೇ ಇತ್ತು, ಅಲ್ವಾ? ಒಬ್ಬ ಕಂಟ್ರಾಕ್ಟರ್‌ಗೆ ಅರವತ್ತು ಹಾಳೆಗೆ ಅದೇ ದರ ಬರೆದು ಕೊಟ್ಟೆ. ಹಾಳೆಗೆ 274 ರೂಪಾಯಿಯಂತೆ ಹತ್ತಿರ ಹತ್ತಿರ 16,400 ರೂಪಾಯಿ ಹೋಯಿತು. ಯಜಮಾನರು ಕೊಟ್ಟ ಮಾತು ತಪ್ಪಲಿಲ್ಲ, ಅದೇ ದರಕ್ಕೆ ಮಾಲು ಕಳಿಸಿದರು. ನನ್ನ ಸಂಬಳದಲ್ಲಿ ಎರಡು ತಿಂಗಳು ಎರಡೆರಡು ಸಾವಿರ ಹಿಡಿದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಅದಾದ ಮೇಲೆ ನಾನು ಡಾಲರ್ ನೋಡೋದು ಬಿಟ್ಟು, ಒತ್ತುವ ಲೆಕ್ಕ ಹಿಡಿದೆ. ಎಕ್ಸೆಲ್‌ನಲ್ಲಿ F4 ತಿರುಗುವ ಕ್ರಮ ಬದಲಾಗಲ್ಲ: B1, ಒಂದು ಸಲಕ್ಕೆ $B$1, ಎರಡಕ್ಕೆ B$1, ಮೂರಕ್ಕೆ $B1, ನಾಲ್ಕಕ್ಕೆ ಮತ್ತೆ B1. ಡಾಲರ್ ಯಾವುದರ ಮುಂದಿದೆಯೋ ಅದು ಅಲುಗಲ್ಲ. ಎಡಗಡೆ ಕಾಲಂನಲ್ಲಿ ಕೂತ ಚದರಡಿಗೆ ಮೂರು. ಮೇಲಿನ ಸಾಲಿನಲ್ಲಿ ಕೂತ ದರಕ್ಕೆ ಎರಡು. ಒಂಟಿಯಾಗಿ ಕೂತ ಡಿಸ್ಕೌಂಟ್, ಜಿಎಸ್‌ಟಿಗೆ ಒಂದೊಂದು. ಸೆಲ್ ಕ್ಲಿಕ್ ಮಾಡಿದ ಕೂಡಲೇ, ಕರ್ಸರ್ ಅಲ್ಲೇ ಇರುವಾಗ ಒತ್ತಬೇಕು. ಬಾಯಲ್ಲಿ ಎಣಿಸುತ್ತಲೇ ಒತ್ತುತ್ತೇನೆ: ಮೂರು, ಎರಡು, ಒಂದು, ಒಂದು.

```
=$B5*C$4*(1-$B$1)*(1+$B$2)
```

ಎಳೆಯುವುದನ್ನೂ ಬಿಟ್ಟೆ. ಎಳೆದರೆ ಒಮ್ಮೆ ಬಲಕ್ಕೆ, ಇನ್ನೊಮ್ಮೆ ಕೆಳಕ್ಕೆ ಅಂತ ಎರಡು ಕೆಲಸ. ಅದರ ಬದಲು C5ರಿಂದ G10 ಪೂರ್ತಿ ಸೆಲೆಕ್ಟ್ ಮಾಡಿ, ಫಾರ್ಮುಲಾ ಬರೆದು Ctrl+Enter ಒತ್ತುತ್ತೇನೆ. ಮೂವತ್ತೂ ಒಟ್ಟಿಗೆ ತುಂಬುತ್ತವೆ.

ಪರೀಕ್ಷೆ ಮಾಡೋದು ಮೊದಲ ಸೆಲ್‌ನಲ್ಲಿ ಅಲ್ಲ, ಕೊನೆಯ ಮೂಲೆಯಲ್ಲಿ. G10ಕ್ಕೆ ಹೋಗಿ F2 ಒತ್ತಿದರೆ ಬಣ್ಣದ ಚೌಕಗಳು ಕಾಣುತ್ತವೆ. ಅವು B10, G4, B1, B2ರ ಮೇಲೆಯೇ ಇರಬೇಕು. ಒಂದು ಚೌಕ ಖಾಲಿ ಸೆಲ್ ಮೇಲೆ ಕೂತಿದ್ದರೂ ಪಟ್ಟಿ ಕೆಟ್ಟಿದೆ ಅಂತಲೇ ಅರ್ಥ. ಜೊತೆಗೆ ಕೈಲೆಕ್ಕ ಒಂದು: 18 ಚದರಡಿಗೆ ನೂರರಂತೆ 1,800, ಎಂಟು ಪರ್ಸೆಂಟ್ ಕಳೆದರೆ 1,656, ಜಿಎಸ್‌ಟಿ ಸೇರಿದರೆ 1,954. ಇದು ಸರಿ ಬಂದರೆ ಮಿಕ್ಕವುಗಳ ಚಿಂತೆ ನನಗಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಎಕ್ಸೆಲ್ ಆಪ್ಷನ್ಸ್‌ನ Formulas ಪುಟದಲ್ಲಿ R1C1 reference style ಅಂತ ಒಂದು ಟಿಕ್ ಇದೆ. ಅದನ್ನು ಹಾಕಿದರೆ ನಮ್ಮ ಫಾರ್ಮುಲಾ ಹೀಗೆ ಕಾಣುತ್ತದೆ:

```
=RC2*R4C*(1-R1C2)*(1+R2C2)
```

ಆಮೇಲೆ Ctrl+` ಒತ್ತಿದರೆ ಎಲ್ಲ ಫಾರ್ಮುಲಾ ತೆರೆದು ಕಾಣುತ್ತವೆ. ಮೂವತ್ತರಲ್ಲೂ ಅಕ್ಷರ ಅಕ್ಷರ ಇದೇ ಇರುತ್ತದೆ. ಯಾರಾದರೂ ಮಧ್ಯದಲ್ಲಿ ಕೈಯಾರೆ ದರ ಟೈಪ್ ಮಾಡಿದ್ದರೆ ಆ ಒಂದು ಸೆಲ್ ಬೇರೆಯಾಗಿ ನಿಲ್ಲುತ್ತದೆ. ಹೀಗೆ ನೋಡಿಯೇ ನಮ್ಮ ಹುಡುಗನೊಬ್ಬ ಹಳೇ ಪಟ್ಟಿಯಲ್ಲಿ ತುಂಬಿಟ್ಟಿದ್ದ ಮೂರು ದರ ಸಿಕ್ಕವು. ಆದರೆ ದಿನವೂ ಈ ನೋಟದಲ್ಲಿ ಕೆಲಸ ಮಾಡೋಕೆ ನನಗೆ ಆಗಲಿಲ್ಲ. ತಪಾಸಣೆಗೆ ಮಾತ್ರ ಇಟ್ಟುಕೊಂಡಿದ್ದೇನೆ.

F4ನಿಂದ ಒಂದು ಅಪಾಯವೂ ಇದೆ. ಸೆಲ್ ಒಳಗೆ ಇಲ್ಲದಿರುವಾಗ ಒತ್ತಿದರೆ ಅದು ಹಿಂದಿನ ಕೆಲಸವನ್ನೇ ಮತ್ತೊಮ್ಮೆ ಮಾಡುತ್ತದೆ. ನಾನು ಒಂದು ಸಾಲು ಡಿಲೀಟ್ ಮಾಡಿ, F2 ಒತ್ತೋದು ಮರೆತು ಮೂರು ಸಲ F4 ಒತ್ತಿದೆ. ಮೂರು ಅಳತೆಗಳು ಮಾಯ! Ctrl+Z ಇದ್ದದ್ದಕ್ಕೆ ಬದುಕಿದೆ. ಲ್ಯಾಪ್‌ಟಾಪ್‌ನಲ್ಲಾದರೆ F4 ಒತ್ತಿದಾಗ ಧ್ವನಿಯೋ ಮೈಕೋ ಬದಲಾಗಬಹುದು. ಆಗ Fn ಜೊತೆ ಒತ್ತಬೇಕು. ನನ್ನದರಲ್ಲಿ Fn+Esc ಒಮ್ಮೆ ಒತ್ತಿದರೆ ಆ ತೊಂದರೆ ತೀರುತ್ತದೆ. ಮ್ಯಾಕ್ ಇಟ್ಟುಕೊಂಡ ಗೆಳೆಯನಿಗೆ Command+T ಹೇಳಿಕೊಟ್ಟೆ, ಅದೇ ಕೆಲಸ ಮಾಡಿತು.

ದರವನ್ನು ಹತ್ತು ರೂಪಾಯಿಗೆ ಸರಿಮಾಡುವಾಗ ಅಂಗಡಿಗೂ ನಷ್ಟವಾಗದ, ಗಿರಾಕಿಗೂ ಬೇಸರವಾಗದ ಒಂದು ಲೆಕ್ಕವನ್ನು, ಈ ಪರೀಕ್ಷೆಯೆಲ್ಲ ಮುಗಿದ ಮೇಲೆ, ಈ ಫಾರ್ಮುಲಾಕ್ಕೆ ಸೇರಿಸಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಅದು ಅಂಗಡಿಯ ಗುಟ್ಟು.

ಹೋದ ಸಲ ಮಿಲ್‌ನವರು ದರ ಏರಿಸಿದಾಗ 4ನೇ ಸಾಲಿನ ಐದು ಸಂಖ್ಯೆ ಬದಲಿಸಿದೆ, ಎರಡು ನಿಮಿಷ ಹಿಡಿಯಿತು. ಮೊದಲೆಲ್ಲ ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತಿತ್ತು. ಹಿರಿಯ ಅಕೌಂಟೆಂಟರು ಪಕ್ಕದಲ್ಲೇ ನಿಂತು ನೋಡಿದರು. ಏನೂ ಹೇಳಲಿಲ್ಲ. ಮಾರನೇ ದಿನ ತಮ್ಮ ಲಾರಿ ಬಾಡಿಗೆ ಪಟ್ಟಿ ತಂದರು. ಎಡಕ್ಕೆ ಊರುಗಳು, ಮೇಲೆ ಟನ್ನು. "ಇದಕ್ಕೆ ಎಷ್ಟೆಷ್ಟು ಸಲ ಒತ್ತಬೇಕು, ಹೇಳಪ್ಪಾ" ಅಂದರು. ಊರಿನ ದೂರಕ್ಕೆ ಮೂರು, ಟನ್ನಿಗೆ ಎರಡು ಸರ್, ಅಂದೆ.