ಎರಡನೆಯ ತಿಂಗಳೂ ಬಾಡಿಗೆ ತಡವಾದಾಗ

ಕಲಬುರಗಿಯ ಸೇಡಂ ರಸ್ತೆಯ ಕಡೆ ನನ್ನದೊಂದು ಎರಡಂತಸ್ತಿನ ಮನೆಯಿದೆ. ಕೆಳಗೆ ನಾವಿದ್ದೇವೆ, ಮೇಲೆ ಬಾಡಿಗೆಯವರಿದ್ದಾರೆ. ಮೇಲಿನ ಮನೆಯನ್ನು ಬ್ಯಾಂಕಿನ ಸಾಲದಲ್ಲಿ ಕಟ್ಟಿಸಿದ್ದೇನೆ. ಸಾಲದ ಕಂತು ಪ್ರತಿ ತಿಂಗಳು 10ರಂದು ನನ್ನ ಖಾತೆಯಿಂದ ತಾನಾಗಿಯೇ ಹೋಗುತ್ತದೆ. ಬಾಡಿಗೆ 9,000 ರೂಪಾಯಿ. ತಿಂಗಳು ಮುಗಿದ ಮೇಲೆ ಮುಂದಿನ ತಿಂಗಳ 5ರೊಳಗೆ ಕೊಡಬೇಕೆಂದು ಹನ್ನೊಂದು ತಿಂಗಳ ಕರಾರಿನಲ್ಲಿ ಬರೆದಿದೆ. 5ಕ್ಕೂ 10ಕ್ಕೂ ನಡುವಿನ ಐದು ದಿನಗಳನ್ನು ನಾನು ಬೇಕೆಂದೇ ಇಟ್ಟುಕೊಂಡಿದ್ದೆ.

ಮೇಲಿನವರು ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡ ಹೊರಗುತ್ತಿಗೆಯ ಮೇಲೆ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾರೆ. ನನ್ನನ್ನು ಕಾಕಾ ಎನ್ನುತ್ತಾರೆ. ಎರಡು ವರ್ಷ ಒಂದು ದಿನವೂ ತಪ್ಪದೆ ಬಾಡಿಗೆ ಕೊಟ್ಟವರು. ಕಳೆದ ಜುಲೈನಲ್ಲಿ ಮೊದಲ ಸಲ ತಪ್ಪಿತು. ಜೂನ್ ತಿಂಗಳ ಬಾಡಿಗೆ 5ರ ಬದಲು 18ಕ್ಕೆ ಬಂತು.

ಆಗ ನಾನು ಮಾಡಿದ್ದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. 8ನೆಯ ತಾರೀಖು ಮೆಟ್ಟಿಲ ಬಳಿ ಸಿಕ್ಕಾಗ, "ನೀರು ಸರಿಯಾಗಿ ಬರುತ್ತಿದೆಯೇ?" ಎಂದು ಕೇಳಿದೆ. ನೀರಿನ ಮಾತಿನಿಂದ ಅವರಿಗೆ ಬಾಡಿಗೆಯ ನೆನಪಾಗಲಿ ಎಂಬ ಆಸೆ. ಅವರು "ಬರುತ್ತಿದೆ ಕಾಕಾ" ಎಂದು ಹೇಳಿ ಹೊರಟುಹೋದರು. 10ರಂದು ಖಾತೆಯಲ್ಲಿ ಹಣ ಸಾಲದೆ ಕಂತು ವಾಪಸಾಯಿತು, ಬ್ಯಾಂಕಿನವರು ದಂಡ ಹಿಡಿದರು. 18ರಂದು ಅವರು ಹಣ ಹಾಕಿ, "ತಡವಾಯಿತು ಕಾಕಾ, ತಪ್ಪು ತಿಳಿಯಬೇಡಿ" ಎಂದಾಗ ನಾನು, "ಪರವಾಗಿಲ್ಲ ಬಿಡಿ, ಅದರಲ್ಲೇನಿದೆ" ಎಂದೆ. ಎರಡನೆಯ ತಿಂಗಳ ತೊಂದರೆಯ ಅರ್ಧ ಭಾಗ ಆ ಮಾತಿನಲ್ಲಿತ್ತು. ನಾವು ಮರ್ಯಾದೆಗೆ ಆಡುವ 'ಪರವಾಗಿಲ್ಲ' ಕೇಳಿದವರಿಗೆ ಒಪ್ಪಿಗೆಯಂತೆ ಕೇಳಿಸುತ್ತದೆ. ಅವರ ತಪ್ಪೂ ಅಲ್ಲ ಅದು; ಬ್ಯಾಂಕಿನ ದಂಡದ ವಿಷಯ ನಾನು ಬಾಯಿಬಿಟ್ಟಿರಲೇ ಇಲ್ಲ.

ಆಗಸ್ಟ್ 5 ಬಂತು, ಹೋಯಿತು. 6 ಕೂಡ ಹೋಯಿತು. ಪಂಚಮಿ ಹತ್ತಿರ ಬಂದಿತ್ತು. ಮನೆಯಲ್ಲಿ ಶೇಂಗಾದ ಉಂಡಿ ಕಟ್ಟುತ್ತಿದ್ದ ನನ್ನ ಹೆಂಡತಿ, "ಹಬ್ಬ ಮುಗಿಯಲಿ, ಈಗ ಹಣದ ಮಾತು ಬೇಡ" ಎಂದಳು. ಹಬ್ಬ ಮುಗಿಯುವಷ್ಟರಲ್ಲಿ 10 ಬಂದಿರುತ್ತದೆ. ಕಂತು ಹೋದ ಮೇಲೆ ಕೇಳುವುದೆಂದರೆ ಸಿಟ್ಟಿನಲ್ಲಿ ಕೇಳುವುದು ಎಂದು ನನಗೆ ನನ್ನ ಬಗ್ಗೆಯೇ ಗೊತ್ತಿತ್ತು. ಆದ್ದರಿಂದ 7ಕ್ಕೇ ಕೇಳಬೇಕು ಎಂದು ನಿಶ್ಚಯಿಸಿದೆ.

ಎದುರು ಮನೆಯ ಗೆಳೆಯರೊಬ್ಬರು ಸುಲಭದ ದಾರಿ ಹೇಳಿದರು: "ಮೇಲಿನ ಟ್ಯಾಂಕಿನ ವಾಲ್ವ್ ಒಂದು ದಿನ ಬಂದ್ ಮಾಡಿ, ಸಂಜೆಯೊಳಗೆ ಹಣ ಬರುತ್ತದೆ." ಬರುತ್ತಿತ್ತೇನೋ. ಆದರೆ ಬಾಡಿಗೆ ಬಾಕಿ ಇದೆ ಎಂದು ನೀರು, ಕರೆಂಟು ನಿಲ್ಲಿಸುವುದು ಕಾನೂನಿಗೆ ವಿರುದ್ಧ; ಅದಕ್ಕಿಂತ ಮುಖ್ಯವಾಗಿ, ಕಲಬುರಗಿಯಲ್ಲಿ ಮಕ್ಕಳಿರುವ ಮನೆಯ ನೀರು ನಿಲ್ಲಿಸಿದವನು ಅದೇ ಓಣಿಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಬರೆದು ಕಳಿಸುವುದೇ ಸರಿ ಎನ್ನಿಸಿತು. ಎದುರಿಗೆ ನಿಂತರೆ ನಾನು ಮತ್ತೆ ನೀರಿನ ವಿಷಯ ಮಾತನಾಡುತ್ತೇನೆ. ಮೆಟ್ಟಿಲ ಮೇಲೆ ಅವರ ಹೆಂಡತಿ ಮಕ್ಕಳ ಮುಂದೆ ಕೇಳಿದರೆ ಅವರಿಗೆ ಅವಮಾನ. ಬರಹವಾದರೆ ತಾರೀಖು, ಮೊತ್ತ ಎರಡೂ ದಾಖಲೆಯಾಗಿ ಉಳಿಯುತ್ತವೆ. ಮೊದಲು ಬರೆದದ್ದು ಹೀಗಿತ್ತು: "ಎರಡನೆಯ ತಿಂಗಳೂ ಹೀಗಾದರೆ ಹೇಗೆ? ನಮಗೂ ಖರ್ಚುಗಳಿವೆ. ದಯವಿಟ್ಟು ಆದಷ್ಟು ಬೇಗ ಕೊಡಿ." ಓದಿ ನೋಡಿದೆ. ಮೊದಲ ವಾಕ್ಯದಲ್ಲಿ ಗದರಿಕೆ ಇದೆ, ಕೊನೆಯದರಲ್ಲಿ ಅಂಗಲಾಚಿಕೆ ಇದೆ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ಮಾತ್ರ ಎಲ್ಲಿಯೂ ಇಲ್ಲ. 'ಆದಷ್ಟು ಬೇಗ' ಎಂದರೆ ಕೊಡುವವರ ಲೆಕ್ಕದಲ್ಲಿ 18 ಕೂಡ ಬೇಗವೇ. ಅಳಿಸಿ ಮತ್ತೆ ಬರೆದೆ:

"ನಮಸ್ಕಾರ. ಜುಲೈ ತಿಂಗಳ ಬಾಡಿಗೆ 9,000 ರೂಪಾಯಿ ಆಗಸ್ಟ್ 5ರೊಳಗೆ ಬರಬೇಕಿತ್ತು, ಇನ್ನೂ ಬಂದಿಲ್ಲ. ಜೂನ್ ತಿಂಗಳದ್ದು 18ಕ್ಕೆ ಬಂದಿತ್ತು. ಮನೆಯ ಸಾಲದ ಕಂತು ಪ್ರತಿ ತಿಂಗಳು 10ಕ್ಕೆ ಹೋಗುವುದರಿಂದ ಕರಾರಿನಂತೆ 5ರೊಳಗೆ ಬಾಡಿಗೆ ಬರುವುದು ನನಗೆ ಅವಶ್ಯ. ಹಿಂದಿನ ತಿಂಗಳು ನಾನು ಈ ವಿಷಯ ತಿಳಿಸಿರಲಿಲ್ಲ. ಈ ತಿಂಗಳ ಹಣ ಯಾವ ದಿನ ಹಾಕುತ್ತೀರಿ ಎಂದು ನಾಳೆ ಸಂಜೆಯೊಳಗೆ ತಿಳಿಸಿ. ಏನಾದರೂ ತೊಂದರೆ ಇದ್ದರೆ ಭಾನುವಾರ ಬೆಳಿಗ್ಗೆ ಕೆಳಗೆ ಬನ್ನಿ, ಕುಳಿತು ಮಾತನಾಡೋಣ."

ಇದರಲ್ಲಿ 'ಏಕೆ ತಡವಾಯಿತು' ಎಂಬ ಪ್ರಶ್ನೆಯನ್ನು ಬೇಕೆಂದೇ ಬಿಟ್ಟೆ. ಕಾರಣ ಕೇಳಿದರೆ ಕಾರಣ ಬರುತ್ತದೆ, ಹಣ ಬರುವುದಿಲ್ಲ. ಅದರ ಬದಲು ತಾರೀಖು ಕೇಳಿದೆ. ಒಮ್ಮೆ ತಾವೇ ಬರೆದುಕೊಟ್ಟ ತಾರೀಖನ್ನು ಮೀರಲು ಯಾರಿಗಾದರೂ ಹಿಂಜರಿಕೆಯಾಗುತ್ತದೆ. ಮನೆ ಖಾಲಿ ಮಾಡಿಸುವ ಮಾತನ್ನೂ ಬರೆಯಲಿಲ್ಲ. ಎರಡು ಸಲ ತಡವಾದದ್ದಕ್ಕೆ ನಾನು ಅವರನ್ನು ಬಿಡಿಸುವವನಲ್ಲ. ಮಾಡದ ಕೆಲಸದ ಹೆದರಿಕೆ ಹಾಕಿದರೆ ಮುಂದೆ ನನ್ನ ನಿಜವಾದ ಮಾತಿಗೂ ಬೆಲೆ ಇರುವುದಿಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಳಿಸಿದೆ. ದೀಪ ಹಚ್ಚುವ ಹೊತ್ತಿನಲ್ಲಿ ಹಣ ಕೇಳಬಾರದು ಎಂಬುದು ಹೆಂಡತಿಯ ನಿಯಮ. ಅದನ್ನಾದರೂ ಪಾಲಿಸಿದೆ.

ಮರುದಿನ ಉತ್ತರ ಬಂತು: "18ಕ್ಕೆ ಹಾಕುತ್ತೇನೆ ಕಾಕಾ. ಭಾನುವಾರ ಬರುತ್ತೇನೆ." ಮತ್ತೆ 18. ಆಗ ಮೊದಲ ಸಲ ನನಗೆ ಹೊಳೆಯಿತು. ಹಣವಿಲ್ಲದವರ ತಾರೀಖು ಮುಂದೆ ಮುಂದೆ ಸರಿಯುತ್ತದೆ: ಒಮ್ಮೆ 12, ಇನ್ನೊಮ್ಮೆ 20, ನಂತರ ಅರ್ಧ ಹಣ. ಇವರದ್ದು ಎರಡೂ ಸಲ ಪೂರ್ತಿ ಹಣ, ಎರಡೂ ಸಲ ಒಂದೇ ತಾರೀಖು. ಇವರಿಗೆ ಕೊರತೆಯಿಲ್ಲ, ಸಂಬಳದ ದಿನ ಬದಲಾಗಿದೆ.

ಭಾನುವಾರ ಚಹಾ ಕುಡಿಯುತ್ತ ಅವರೇ ಹೇಳಿದರು. ಜೂನ್‌ನಲ್ಲಿ ಗುತ್ತಿಗೆಯ ಏಜೆನ್ಸಿ ಬದಲಾಗಿದೆ. ಮೊದಲು 2ಕ್ಕೆ ಬರುತ್ತಿದ್ದ ಸಂಬಳ ಈಗ 17ಕ್ಕೆ ಬರುತ್ತಿದೆ, ಇನ್ನು ಮುಂದೆಯೂ ಹಾಗೆಯೇ. "ಬಾಡಿಗೆಯ ತಾರೀಖನ್ನೇ 18 ಮಾಡಿಬಿಡಿ ಕಾಕಾ" ಎಂದರು. ಕೇಳಿದ್ದು ನ್ಯಾಯವೇ; ಸಾಲವಿಲ್ಲದ ಮಾಲೀಕನಾದರೆ ಒಪ್ಪಬಹುದಿತ್ತು, ಕರಾರಿನ ಕೆಳಗೆ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯುತ್ತಿತ್ತು. ನನಗೆ ಸಾಧ್ಯವಿರಲಿಲ್ಲ. "ಹಾಗಾದರೆ ಒಂದು ತಿಂಗಳದ್ದು ಡಿಪಾಸಿಟ್‌ನಲ್ಲಿ ಹಿಡಿದುಕೊಳ್ಳಿ" ಎಂದರು. ಅದನ್ನೂ ಒಪ್ಪಲಿಲ್ಲ. ಡಿಪಾಸಿಟ್ ಇರುವುದು ಮನೆ ಬಿಡುವಾಗಿನ ರಿಪೇರಿಗೆ, ಉಳಿದ ಕರೆಂಟು ಬಿಲ್ಲಿಗೆ. ನಡುವೆಯೇ ಅದನ್ನು ಕರಗಿಸಿದರೆ ಮತ್ತೆ ತುಂಬಿಸುವುದು ಬಾಡಿಗೆಗಿಂತ ಕಷ್ಟ.

ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 17ರ ಸಂಬಳದಿಂದ ಹಿಂದಿನ ತಿಂಗಳ ಬಾಡಿಗೆ ಕೊಡುತ್ತಿರುವುದರಿಂದ ತಡವಾಗುತ್ತಿದೆ. ಅದೇ ಸಂಬಳದಿಂದ ನಡೆಯುತ್ತಿರುವ ತಿಂಗಳ ಬಾಡಿಗೆಯನ್ನೇ ಕೊಟ್ಟುಬಿಟ್ಟರೆ ಮುಂದಿನ 5ಕ್ಕಿಂತ ಹದಿನೇಳು ಹದಿನೆಂಟು ದಿನ ಮೊದಲೇ ಬಂದಂತಾಗುತ್ತದೆ. ಎರಡರ ನಡುವೆ ಇರುವ ಅಂತರ ಒಂದೇ ಒಂದು ತಿಂಗಳ ಬಾಡಿಗೆ, 9,000. ಅದನ್ನು ಒಮ್ಮೆಲೇ ತುಂಬುವುದು ಅವರಿಂದಾಗದು, ಸ್ವಲ್ಪ ಸ್ವಲ್ಪವಾಗಿ ತುಂಬಬಹುದು. ಮೂರು ತಿಂಗಳು 12,000ದಂತೆ ಕೊಡಿ ಎಂದೆ. ಮಕ್ಕಳ ಫೀ ಇದೆ, ಆಗುವುದಿಲ್ಲ ಎಂದರು. ಕೊನೆಗೆ ಆರು ತಿಂಗಳು 10,500 ಎಂದು ನಿಂತಿತು. ಆಗಸ್ಟ್ 18ರಿಂದ ಜನವರಿ 18ರವರೆಗೆ ಆರು ಕಂತು, ಒಟ್ಟು 63,000. ಅಂದರೆ ಜುಲೈನಿಂದ ಜನವರಿಯವರೆಗಿನ ಏಳು ತಿಂಗಳ ಬಾಡಿಗೆ ಚುಕ್ತಾ. ಅಲ್ಲಿಂದ ಮುಂದೆ ಪ್ರತಿ 18ಕ್ಕೆ ಬರಿಯ 9,000. ಅವರ ಸಂಬಳದ ದಿನವೂ ಸರಿ, ನನ್ನ 10ನೆಯ ತಾರೀಖೂ ಸರಿ. ಅಲ್ಲಿಯವರೆಗಿನ ಸಾಲದ ಕಂತುಗಳಿಗೆ ನಾನು ಖಾತೆಯಲ್ಲಿ ಕೈಯಿಂದ ಹಣ ಇಡುವುದು.

ಬ್ಯಾಂಕಿನ ದಂಡದ ವಿಷಯ ತಿಳಿಸಿದೆ, ಆದರೆ ಕೇಳಲಿಲ್ಲ. ಕರಾರಿನಲ್ಲಿ ತಡದ ದಂಡದ ಮಾತೇ ಇಲ್ಲದಿರುವಾಗ ನಾನು ನಡುವೆ ಹುಟ್ಟಿಸುವುದು ಸರಿಯಲ್ಲ.

ಅಂದು ಸಂಜೆ ಒಪ್ಪಿದ ಲೆಕ್ಕವನ್ನು ಸಂದೇಶವಾಗಿ ಕಳಿಸಿ, "ಇದು ಆರು ತಿಂಗಳ ಅನುಕೂಲ ಮಾತ್ರ, ಕರಾರಿನ 5ನೆಯ ತಾರೀಖು ಹಾಗೆಯೇ ಇರುತ್ತದೆ" ಎಂದು ಸೇರಿಸಿದೆ. ತಡವಾದ ಬಾಡಿಗೆಯನ್ನು ಸುಮ್ಮನೆ ಪಡೆಯುತ್ತ ಹೋದರೆ, ಮುಂದೆ ಜಗಳವಾದಾಗ 'ನೀವೇ ಒಪ್ಪಿದ್ದಿರಲ್ಲ' ಎನ್ನಲು ಎದುರಿನವರಿಗೆ ಜಾಗವಾಗುತ್ತದೆ. ಅವರು "ಸರಿ ಕಾಕಾ, ಒಪ್ಪಿದೆ" ಎಂದು ಬರೆದರು. ಹಣ ಹಾಕುವಾಗ ಷರಾದಲ್ಲಿ ಯಾವ ತಿಂಗಳದ್ದು ಎಷ್ಟು ಎಂದು ಬರೆಯಲು ಹೇಳಿದೆ. ಆಗಸ್ಟ್ 18ರದ್ದರಲ್ಲಿ 'ಜುಲೈ 9000, ಆಗಸ್ಟ್ 1500' ಎಂದಿತ್ತು. ಹೀಗೆ ತುಂಡುತುಂಡಾಗಿ ಬರುವ ಹಣಕ್ಕೆ ತಿಂಗಳ ಹೆಸರಿಲ್ಲದಿದ್ದರೆ ನಾಲ್ಕನೆಯ ತಿಂಗಳಿಗೆ ಇಬ್ಬರ ಲೆಕ್ಕವೂ ಬೇರೆಯಾಗಿರುತ್ತದೆ.

ಅಕ್ಟೋಬರ್‌ನಲ್ಲಿ ಒಮ್ಮೆ ಎಡವಿತು. ದಸರೆಗೆ ಊರಿಗೆ ಹೋಗಿ ಬಂದ ಖರ್ಚು. ಆದರೆ 16ಕ್ಕೇ ಸಂದೇಶ ಬಂತು: "ಈ ಸಲ 9,000 ಮಾತ್ರ ಆಗುತ್ತದೆ ಕಾಕಾ, ಉಳಿದ 1,500 ಕೊನೆಗೆ ಸೇರಿಸುತ್ತೇನೆ." ಈ ಸಲ 'ಪರವಾಗಿಲ್ಲ' ಎನ್ನಲಿಲ್ಲ. "ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು. ಹಾಗಾದರೆ ಫೆಬ್ರವರಿ 18ಕ್ಕೂ 10,500 ಎಂದು ಬರೆದುಕೊಳ್ಳುತ್ತೇನೆ" ಎಂದು ಉತ್ತರಿಸಿದೆ.

ಫೆಬ್ರವರಿ 18ರ ಬೆಳಿಗ್ಗೆ ಒಂಬತ್ತಕ್ಕೇ ಮೊಬೈಲ್ ಸದ್ದು ಮಾಡಿತು: 'ಜನವರಿ ಬಾಕಿ 1500, ಫೆಬ್ರವರಿ 9000.' ಮಧ್ಯಾಹ್ನ ಮೆಟ್ಟಿಲ ಬಳಿ ಸಿಕ್ಕಾಗ ಅವರೇ ನಿಂತರು. "ಕಾಕಾ, ಎರಡು ದಿನದಿಂದ ನೀರು ಸಣ್ಣಗೆ ಬರುತ್ತಿದೆ" ಎಂದರು. ಪ್ಲಂಬರ್‌ಗೆ ಆಗಲೇ ಫೋನ್ ಮಾಡಿದೆ.