ಒಬ್ಬ ನಟಿ, ಒಂದು ಕೋಣೆ, 5 ಪುಟ: ಒಂದು ಕಿರುಚಿತ್ರ ಬರೆದ ಬಗೆ

ಮೊದಲು ಕತೆ ಕಟ್ಟಿ ಆಮೇಲೆ ಅದನ್ನು ಕೋಣೆಯೊಳಕ್ಕೆ ತುರುಕಲು ಹೋದರೆ ಕೋಣೆ ಯಾವತ್ತೂ ಸಾಲುವುದಿಲ್ಲ. ಹಾಗಾಗಿ ನಾನು ಕೋಣೆಯಿಂದಲೇ ಶುರುಮಾಡುತ್ತೇನೆ. ಇಲ್ಲಿ ಹೇಳುತ್ತಿರುವುದು 7 ನಿಮಿಷದ ಚಿತ್ರವೊಂದರ ಬರವಣಿಗೆ. ಕೈಯಲ್ಲಿದ್ದದ್ದು ಒಂದು ಹೊಲಿಗೆ ಅಂಗಡಿಯ ಕೋಣೆ, 50ರ ಆಸುಪಾಸಿನ ಒಬ್ಬ ನಟಿ, ಶೂಟಿಂಗಿಗೆ ಒಂದು ದಿನ.

ಬರೆಯುವ ಮೊದಲು ಕೋಣೆಯಲ್ಲಿ ಒಂದು ಗಂಟೆ ಕೂತು ಪಟ್ಟಿ ಮಾಡಿದೆ. ವಸ್ತುಗಳ ಹೆಸರಷ್ಟೇ ಬರೆದರೆ ಪಟ್ಟಿಯಿಂದ ಪ್ರಯೋಜನವಿಲ್ಲ. ಪ್ರತಿಯೊಂದರ ಎದುರು ಅದು ಏನು ಮಾಡಬಲ್ಲದು, ಯಾವ ಸದ್ದು ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಬರೆಯಬೇಕು. ಪೆಡಲ್ ಮಿಷನ್: ಜೋರು ಸದ್ದು, ನಿಂತ ಕೂಡಲೇ ಕೋಣೆ ಎರಡು ಪಟ್ಟು ನಿಶ್ಶಬ್ದ. ಪಶ್ಚಿಮದ ಕಿಟಕಿ: ಸಂಜೆ ಒಂದೂವರೆ ಗಂಟೆ ಮಾತ್ರ ಒಳ್ಳೆಯ ಬೆಳಕು. ಫ್ಯಾನ್: ಅದರ ಗುಂಯ್ ಸದ್ದು ಮೈಕಿಗೆ ಬೀಳುತ್ತದೆ, ಆರಿಸಲೇಬೇಕು. ಈ ಕೊನೆಯದು ತೊಂದರೆಯಂತೆ ಕಂಡಿತು. ಆದರೆ ತೆಳು ಬಟ್ಟೆ ಕತ್ತರಿಸುವಾಗ ಗಾಳಿಗೆ ಅಂಚು ಏಳುತ್ತದೆ, ಟೈಲರ್ ತಾನಾಗಿಯೇ ಫ್ಯಾನ್ ಆರಿಸುತ್ತಾಳೆ. ಆಮೇಲೆ ಅವಳ ಹಣೆಯ ಮೇಲಿನ ಬೆವರಿಗೂ ಕಾರಣ ಸಿಕ್ಕಿತು. ಸ್ಕ್ರಿಪ್ಟಿನ ಮೊದಲ ಪುಟದಲ್ಲೇ ಫ್ಯಾನ್ ನಿಲ್ಲುತ್ತದೆ.

ಪಟ್ಟಿಯಲ್ಲಿ ಕತೆ ಇದ್ದದ್ದು ಅಳತೆ ಪುಸ್ತಕದಲ್ಲಿ. ಒಬ್ಬ ಹಳೆಯ ಗಿರಾಕಿಯ ಹೆಸರಿನಡಿ ಎದೆ ಸುತ್ತಳತೆ 40, ಆಮೇಲೆ 38, ಆಮೇಲೆ 36. ಇವತ್ತು ಅವನ ಮನೆಯಿಂದ ಬಂದ ಚೀಟಿಯಲ್ಲಿ 32. ಸಂಜೆಯೊಳಗೆ ಅಂಗಿ ಬೇಕು. ಯಾವ ಅಳತೆಗೆ ಕತ್ತರಿ ಹಾಕಬೇಕು? ಪುಸ್ತಕ ನಂಬಿ 36ಕ್ಕೋ, ಚೀಟಿ ನಂಬಿ 32ಕ್ಕೋ? ಒಬ್ಬರೇ ಇರುವ ಚಿತ್ರಕ್ಕೆ ಎದುರಾಳಿ ಸಿಗುವುದು ಹೀಗೆ. ಪಾತ್ರ ಕೈಯಾರೆ ಮಾಡಬೇಕಾದ, ಮಾಡಿದ ಮೇಲೆ ಹಿಂದೆಗೆಯಲಾಗದ ಒಂದು ಕೆಲಸ ಬೇಕು. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ನೆನಪು, ಒಂಟಿತನ, ಪಶ್ಚಾತ್ತಾಪ ಇವನ್ನೇ ವಿಷಯವಾಗಿಟ್ಟುಕೊಂಡರೆ ನಟಿ ಕಿಟಕಿಯಾಚೆ ನೋಡುತ್ತ ಕೂರುವುದನ್ನು ಬಿಟ್ಟು ಬೇರೇನೂ ಬರೆಯಲು ಸಿಗುವುದಿಲ್ಲ.

ಮೊದಲ ಕರಡಿನಲ್ಲಿ ಅವಳು ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ಅದು ಕೆಟ್ಟದ್ದು ಏಕೆಂದರೆ ತನಗೆ ಆಗಲೇ ಗೊತ್ತಿರುವುದನ್ನು ಯಾರೂ ತನಗೆ ತಾನೇ ವಿವರಿಸಿಕೊಳ್ಳುವುದಿಲ್ಲ. ಆ ಮಾತು ನೋಡುಗರಿಗಾಗಿ ಎಂದು ಥಟ್ಟನೆ ಗೊತ್ತಾಗುತ್ತದೆ. ಎರಡನೇ ಕರಡಿನಲ್ಲಿ ಫೋನ್ ತಂದೆ. ಈ ಬಗೆಯ ಚಿತ್ರಗಳಲ್ಲಿ ಎಲ್ಲರೂ ಬೀಳುವ ಹಳ್ಳ ಇದು. ಆಚೆಯ ದನಿ ಕೇಳಿಸಿದರೆ ಇನ್ನೊಬ್ಬ ಕಲಾವಿದರು ಬೇಕು, ಕೇಳಿಸದಿದ್ದರೆ ಅವಳು “ಏನು, ಆಸ್ಪತ್ರೆಗೆ ಸೇರಿಸಿದ್ದೀರಾ?” ಎಂದು ಆಚೆಯವರ ಮಾತನ್ನೇ ಪುನರುಚ್ಚರಿಸುತ್ತ ಕೂರಬೇಕು. ಮೂರನೇ ಕರಡಿನಲ್ಲಿ ಎರಡನ್ನೂ ತೆಗೆದು, ಕಸುಬಿನಲ್ಲಿ ನಿಜವಾಗಿ ಬಾಯಿಂದ ಬರುವ ಮಾತನ್ನಷ್ಟೇ ಉಳಿಸಿದೆ. ಟೈಲರ್ ಅಳತೆಯನ್ನು ಗೊಣಗುತ್ತಾಳೆ. ಇಡೀ ಚಿತ್ರದ ಸಂಭಾಷಣೆ ಬರೀ ಅಂಕಿಗಳು. “ಮೂವತ್ತಾರು” ಎನ್ನುವ ಒಂದೇ ಶಬ್ದವನ್ನು ಅವಳು ಮೂರು ಸಲ ಬೇರೆ ಬೇರೆ ಥರ ಹೇಳುತ್ತಾಳೆ: ಓದುತ್ತ, ಅನುಮಾನದಿಂದ, ಕೊನೆಗೆ ಹಟದಿಂದ.

ಆದರೆ ಅಂಕಿ ಓದಿದ ಮಾತ್ರಕ್ಕೆ ನೋಡುಗನಿಗೆ ಮೈ ಸೊರಗಿದ್ದು ಕಾಣುವುದಿಲ್ಲ. ಮೊದಲು ಮೂರು ಅಳತೆಗಳು ಮೂರು ಬೇರೆ ಪುಟಗಳಲ್ಲಿದ್ದವು, ಓದಿದವರಿಗೆ ಒಂದಕ್ಕೊಂದು ಕೊಂಡಿಯೇ ಸಿಗಲಿಲ್ಲ. ಒಂದೇ ಪುಟಕ್ಕೆ, ಒಂದರ ಕೆಳಗೊಂದು ತಂದೆ. ಆ ಪುಟದಲ್ಲಿ ಬೇರೆ ಯಾವ ಬರಹವೂ ಇರಕೂಡದೆಂದು ಸ್ಕ್ರಿಪ್ಟಿನಲ್ಲೇ ಬರೆದೆ. ಅದೂ ಸಾಲದೆ, ಗೋಡೆಯ ಮೊಳೆಯಲ್ಲಿ ಅವನ ಹೆಸರು ಬರೆದ ಹಳೆಯ ಕಾಗದದ ಅಚ್ಚು ತೂಗುಹಾಕಿದೆ, 40ರದ್ದು. ಅವಳು ಅದನ್ನು ತೆಗೆದು 32ಕ್ಕೆ ಗೆರೆ ಎಳೆದ ಬಟ್ಟೆಯ ಮೇಲೆ ಹಾಸುತ್ತಾಳೆ. ಅಚ್ಚು ಗೆರೆಯನ್ನು ದಾಟಿ ಆಚೆ ಹರಡಿಕೊಳ್ಳುತ್ತದೆ. ಇಲ್ಲದ ಮನುಷ್ಯನ ಮೈ ಮೇಜಿನ ಮೇಲೆ ಬಂದು ಮಲಗಿದ ಹಾಗೆ. ಇನ್ನೊಬ್ಬ ನಟ ಇದ್ದಿದ್ದರೆ ಈ ಶಾಟ್ ನನಗೆ ಹೊಳೆಯುತ್ತಿರಲಿಲ್ಲ.

ಕೊನೆ ಎಲ್ಲಿಂದ ತರುವುದು ಎನ್ನುವುದಕ್ಕೆ ಕಸುಬೇ ಉತ್ತರ ಕೊಟ್ಟಿತು. ಬೆಳೆಯುವ ಮಕ್ಕಳ ಬಟ್ಟೆ ಹೊಲಿಯುವಾಗ ಪಕ್ಕದ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ, ಮುಂದೆ ಬಿಚ್ಚಿ ದೊಡ್ಡದು ಮಾಡಲಿಕ್ಕೆ. ಅಂಗಿಗೆ ಎರಡು ಪಕ್ಕ, ಒಂದೊಂದು ಪಕ್ಕದ ಹೊಲಿಗೆಗೆ ಮುಂದಿನ ಭಾಗ ಮತ್ತು ಬೆನ್ನಿನ ಭಾಗದ ಎರಡು ಅಂಚು, ಒಟ್ಟು 4 ಅಂಚು. ಒಂದೊಂದಕ್ಕೂ 1 ಇಂಚು ಹೆಚ್ಚು ಬಿಟ್ಟರೆ ಸುತ್ತಳತೆಯಲ್ಲಿ 4 ಇಂಚು ಸಿಗುತ್ತದೆ. 32ರ ಅಂಗಿ ಬೇಕಾದಾಗ 36 ಆಗಬಲ್ಲದು. ಅವಳು ಚೀಟಿಯ ಪ್ರಕಾರವೇ ಹೊಲಿಯುತ್ತಾಳೆ, ಆದರೆ ಒಳಗೆ ಬಟ್ಟೆ ಬಿಟ್ಟು. ಒಂದು ಎಚ್ಚರಿಕೆ: ಒಳಗಿನ ಅಂಚನ್ನು ಮಡಚಿ ಅಡಗಿಸುವ ಹೊಲಿಗೆಯಲ್ಲಿ ಇದು ಕಾಣುವುದಿಲ್ಲ. ಸಾದಾ ಹೊಲಿಗೆ ಎಂದು ಬರೆದಿಡದಿದ್ದರೆ ಶೂಟಿಂಗಿನ ದಿನ ಅಂಗಿ ತಿರುಗಿಸಿ ತೋರಿಸಿದಾಗ ಕ್ಯಾಮೆರಾಗೆ ಏನೂ ಸಿಗದು.

ಹೊಲಿಗೆ ಗೊತ್ತಿಲ್ಲದವರಿಗೆ ಇದು ತಿಳಿಯುವುದು ಹೇಗೆ? ಮೊದಲ ಪುಟದಲ್ಲೇ ಕಲಿಸಬೇಕು. ಚಿತ್ರ ತೆರೆಯುವುದು ಒಂದು ಮಗುವಿನ ಫ್ರಾಕಿನ ಮೇಲೆ. ಅವಳು ಪಕ್ಕದ ಹೊಲಿಗೆ ಬಿಚ್ಚುತ್ತಾಳೆ, ಒಳಗೆ ಮಡಚಿಕೊಂಡಿದ್ದ ಬಣ್ಣ ಮಾಸದ ಬಟ್ಟೆಯ ಪಟ್ಟಿ ಹೊರಬರುತ್ತದೆ, ಫ್ರಾಕು ಅಗಲವಾಗುತ್ತದೆ. 40 ಸೆಕೆಂಡು. ಅಲ್ಲಿ ಅದು ಬರೀ ದಿನದ ಕೆಲಸ, ಯಾವ ಒತ್ತೂ ಕೊಡಬಾರದು. ಕೊನೆಯಲ್ಲಿ ಅದೇ ಪಟ್ಟಿ ಮುದುಕನ ಅಂಗಿಯೊಳಗೆ ಕಂಡರೆ ಅರ್ಥ ತಾನೇ ಆಗುತ್ತದೆ. ಒಂದು ಕರಡಿನಲ್ಲಿ ಇದರ ಜೊತೆಗೆ, ಅವಳು ಪುಸ್ತಕದಲ್ಲಿ 32ನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯುವ ಶಾಟೂ ಇತ್ತು. ಚೆನ್ನಾಗಿಯೇ ಇತ್ತು, ಆದರೆ ಒಂದೇ ಮಾತನ್ನು ಎರಡು ಸಲ ಹೇಳುತ್ತಿತ್ತು. ಹೊಡೆದುಹಾಕಿದೆ.

ಜಾಗ ಒಂದೇ ಆದ್ದರಿಂದ ಅದನ್ನು ಖರ್ಚು ಮಾಡುವುದರಲ್ಲಿ ಜಿಪುಣತನ ಬೇಕು. ಮಿಷನ್ ಕಣ್ಣೆದುರೇ ಇದ್ದರೂ 4ನೇ ಪುಟದವರೆಗೆ ಅವಳು ಅದನ್ನು ಮುಟ್ಟುವುದಿಲ್ಲ. ಫ್ರಾಕು ಬಿಚ್ಚುವುದು, ಗೆರೆ ಎಳೆಯುವುದು, ಅಳಿಸುವುದು ಎಲ್ಲ ಮೇಜಿನ ಬಳಿ, ಸಣ್ಣ ಸದ್ದುಗಳಲ್ಲಿ. ಹಾಗಾಗಿ ಪೆಡಲ್ ತುಳಿದಾಗ ಹೊರಡುವ ಸದ್ದೇ ತೀರ್ಮಾನವಾಗುತ್ತದೆ. 2ನೇ ಪುಟದ ಕೊನೆಗೆ ಕಿಟಕಿ ಮುಚ್ಚಿ ಬಲ್ಬು ಹಾಕುತ್ತಾಳೆ. ಕತೆಗೆ ಅದು ಸಂಜೆ. ಶೂಟಿಂಗಿಗೆ ಮಾತ್ರ, ಉಳಿದ 3 ಪುಟಗಳನ್ನು ಯಾವ ಹೊತ್ತಿನಲ್ಲಾದರೂ ತೆಗೆಯಬಹುದು ಎನ್ನುವ ಅನುಕೂಲ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಮಾತಿಲ್ಲದ ಚಿತ್ರಕ್ಕೆ ಹೊಂದುವುದಿಲ್ಲ. “ಅಂಚು ಹೊಲಿಯುತ್ತಾಳೆ” ಎಂದು ಒಂದು ಸಾಲು ಬರೆದರೆ ಅರ್ಧ ನಿಮಿಷ ಹೋಗುತ್ತದೆ. ಸ್ಟಾಪ್‌ವಾಚ್ ಹಿಡಿದು ಪ್ರತಿ ಕೆಲಸವನ್ನೂ ಮಾಡಿ ನೋಡಿದಾಗ ನನ್ನ 5 ಪುಟ 9 ನಿಮಿಷ ದಾಟಿತು. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ದೃಶ್ಯದ ತುಣುಕುಗಳನ್ನು ಬಿಡಿ ಚೀಟಿಗಳಲ್ಲಿ ಬರೆದು ಜಾಗ ಬದಲಿಸಿ ನೋಡಿದೆ. ಎರಡು ಚೀಟಿ ಅದಲುಬದಲಾದರೂ ಏನೂ ಕೆಡದಿದ್ದರೆ ಅವುಗಳಲ್ಲಿ ಒಂದು ಅನವಶ್ಯಕ. ಟೇಪಿನಿಂದ ಬಟ್ಟೆಯನ್ನು ಎರಡನೇ ಸಲ ಅಳೆಯುವುದು ಹೋಯಿತು, ಗುಂಡಿ ಆರಿಸುವುದು ಹೋಯಿತು. ಕೊನೆಯ ಪುಟದಲ್ಲಿ ಬಾಗಿಲು ತಟ್ಟುವ ಸದ್ದಿತ್ತು. ತೆರೆದರೆ ಇನ್ನೊಬ್ಬರು ಬೇಕು, ತೆರೆಯದಿದ್ದರೆ ಏಕೆ ತೆರೆಯಲಿಲ್ಲ ಎಂಬ ಬೇರೆಯೇ ಪ್ರಶ್ನೆ ಏಳುತ್ತದೆ. ಅದನ್ನೂ ತೆಗೆದೆ. ಈಗ ಅವಳು ಅಂಗಿಯನ್ನು ಮಡಚಿ ಚೀಟಿಯನ್ನು ಮೇಲಿಟ್ಟು ಫ್ಯಾನ್ ಹಾಕುತ್ತಾಳೆ, ಗಾಳಿಗೆ ಚೀಟಿ ಹಾರುತ್ತದೆ, ಅವಳು ಎತ್ತಿಕೊಳ್ಳುವುದಿಲ್ಲ.